ಸರ್ವಾಂಗೀಣ ವಿಕಾಸ ಆಯ್ತಾ, ಇಲ್ವಾ?

ಕಳೆದ ವರ್ಷ ನಮ್ಮ ಕಾಲೇಜಿಗೆ ಎನ್‌ಬಿಎ ತಂಡ ಬರುವುದಿತ್ತು. ಬರುವ ಮೊದಲು ಒಂದು ವಾರ ನಾವೆಲ್ಲ ಕಾಲೇಜಿನ ವಿಷನ್, ಮಿಷನ್ ಉರು ಹೊಡೆದೆವು. ತಂಡದವರು ಯಾರನ್ನು ನಿಲ್ಲಿಸಿ ಕೇಳುತ್ತಾರೋ ಗೊತ್ತಿಲ್ಲವಲ್ಲ! ನನ್ನನ್ನು ಯಾರೂ ಕೇಳಲಿಲ್ಲ. ತಂಡ ಹೋದ ಮರುದಿನ ಅದು ನನ್ನ ತಲೆಯಿಂದಲೂ ಹೋಯಿತು. ಹಾಗಾಗಿ ಜೂನ್ ಮೊದಲ ವಾರ ಊರಿಗೆ ಹೋದಾಗ, ನಾನು ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮೇಡಂ, 'ನೋಡಪ್ಪ, ಗೋಡೆ ಮೇಲಿನ ದೃಷ್ಟಿ–ಧ್ಯೇಯಕ್ಕೆ ಹೊಸ ಬಣ್ಣ ಹೊಡೆಸ್ತಾ ಇದೀವಿ. ಬರೆಯೋನಿಗೆ ಕೊಡೋ ಮುಂಚೆ ಕಾಗುಣಿತ ತಪ್ಪಿದ್ರೆ ತಿದ್ದಿಕೊಡು' ಎಂದಾಗ ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಅದು ಮೂರು ವಾರ ಹಿಡಿಯಿತು.

ಕಾಗುಣಿತ ಸರಿಯಾಗಿಯೇ ಇತ್ತು. 'ಮಕ್ಕಳ ಸರ್ವಾಂಗೀಣ ವಿಕಾಸ, ಗುಣಮಟ್ಟದ ಶಿಕ್ಷಣ, ಸ್ವಚ್ಛ ಮತ್ತು ಸುಂದರ ಪರಿಸರ, ಶೇ 100 ಹಾಜರಾತಿ, ಪೋಷಕರ ಸಹಭಾಗಿತ್ವ' ಎಂದು ಸಾಲುಗಳು. ನಾನು ಅದನ್ನು ಎಸ್‌ಡಿಎಂಸಿ ಅಧ್ಯಕ್ಷರಿಗೆ ಓದಿ ಹೇಳಿದೆ. ಅವರ ಮಗಳು ಅಲ್ಲೇ ಆರನೇ ತರಗತಿ. ಅವರು ಕೇಳಿಸಿಕೊಂಡು, 'ಎಲ್ಲಾ ಚೆನ್ನಾಗೈತೆ. ಆದ್ರೆ ಮಾರ್ಚಿಗೆ ಬಂದು ನೋಡಿದ್ರೆ ಇದು ಆಗೈತೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು?' ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಮೇಡಂ ಬಳಿಯೂ ಇರಲಿಲ್ಲ.

ಅಲ್ಲಿಂದ ತಿದ್ದುವ ಕೆಲಸ ಶುರುವಾಯಿತು. ಮೊದಲು ಒಂದು ಸುಲಭದ ಪರೀಕ್ಷೆ ಮಾಡಿದೆವು. ಪ್ರತಿ ಸಾಲನ್ನೂ ತಿರುಗಿಸಿ ಓದುವುದು. 'ನಾವು ಗುಣಮಟ್ಟವಿಲ್ಲದ ಶಿಕ್ಷಣ ಕೊಡುತ್ತೇವೆ' ಎಂದು ಯಾವ ಶಾಲೆಯಾದರೂ ಬರೆಯುತ್ತದೆಯೇ? ಇಲ್ಲ. ತಿರುಗಿಸಿದಾಗ ನಗು ಬರುವ ಸಾಲು ಆ ಶಾಲೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದೇ ಅರ್ಥ. ಈ ಲೆಕ್ಕದಲ್ಲಿ ನಮ್ಮ ಗೋಡೆಯಲ್ಲಿ ಉಳಿದದ್ದು ಒಂದೇ ಸಾಲು, ಶೇ 100 ಹಾಜರಾತಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ದೃಷ್ಟಿಯನ್ನು ನಾವು ಹೆಚ್ಚು ಕೆದಕಲಿಲ್ಲ. ಅದು ಹೋಗಬೇಕಾದ ದಿಕ್ಕು, ಒಂದು ವಾಕ್ಯ ಸಾಕು. ಲೆಕ್ಕ ಕೊಡಬೇಕಾದ್ದು ಧ್ಯೇಯ. ಅದರ ಪ್ರತಿ ಸಾಲಿಗೂ ನಾಲ್ಕು ಪ್ರಶ್ನೆ ಇಟ್ಟುಕೊಂಡೆವು: ಯಾರು ಮಾಡುತ್ತಾರೆ, ನಿಖರವಾಗಿ ಏನು ಮಾಡುತ್ತಾರೆ, ಯಾವಾಗಿನೊಳಗೆ, ಮತ್ತು ಆಯಿತೆಂದು ಯಾವ ಪುಸ್ತಕ ತೆರೆದರೆ ಕಾಣುತ್ತದೆ. 'ಪ್ರಯತ್ನಿಸಲಾಗುವುದು', 'ಶ್ರಮಿಸಲಾಗುವುದು' ಎಂಬ ಕ್ರಿಯಾಪದಗಳು ಮೊದಲ ಪ್ರಶ್ನೆಗೇ ಬಿದ್ದುಹೋದವು. ಯಾರು ಎಂಬುದೇ ಅವುಗಳಲ್ಲಿ ಇರುವುದಿಲ್ಲ.

ಹೆಚ್ಚು ಹೊತ್ತು ತಿಂದಿದ್ದು 'ಗುಣಮಟ್ಟದ ಶಿಕ್ಷಣ'. ನಮ್ಮ ಮೊದಲ ಕರಡು ಹೀಗಿತ್ತು: 'ಮೂರನೇ ತರಗತಿ ಮುಗಿಸುವಷ್ಟರಲ್ಲಿ ಎಲ್ಲ ಮಕ್ಕಳೂ ಕನ್ನಡ ಓದುತ್ತಾರೆ.' ನೋಡಲು ಚೆನ್ನಾಗಿತ್ತು. ಆದರೆ 'ಓದುವುದು' ಅಂದರೇನು? ನಲಿ–ಕಲಿ ತೆಗೆದುಕೊಳ್ಳುವ ಟೀಚರ್ ಹೇಳಿದರು, 'ನಾಲ್ಕನೇ ಕ್ಲಾಸಿನವರನ್ನ ಕೂರಿಸಿ ನೋಡೋಣ. ಮೂರನೇದು ಮುಗಿಸಿ ಬಂದೋರು ಅವರೇ ತಾನೆ.'

ನಾಲ್ಕನೇ ತರಗತಿಯಲ್ಲಿ 12 ಮಕ್ಕಳು. ಮೊದಲ ದಿನ ಹಳೆಯ ಪಠ್ಯಪುಸ್ತಕದ ಪಾಠ ಕೊಟ್ಟೆವು. ಒಂಬತ್ತು ಮಕ್ಕಳು ಓದಿದರು. ಒಬ್ಬ ಹುಡುಗನಂತೂ ಪಟಪಟ ಓದಿದ. ಆದರೆ ಪುಟ ತಿರುಗಿಸುವ ಮೊದಲೇ ಅವನ ಬಾಯಿ ಮುಂದಿನ ಪುಟಕ್ಕೆ ಹೋಗಿತ್ತು! ಪಾಠ ಬಾಯಿಪಾಠವಾಗಿತ್ತು, ಅಕ್ಷರ ಅಲ್ಲ. ಮರುದಿನ ಟೀಚರ್ ಎರಡನೇ ತರಗತಿ ಮಟ್ಟದ, ಯಾವ ಮಗುವೂ ನೋಡಿರದ ಹತ್ತು ಸಾಲಿನ ಕಥೆಯೊಂದನ್ನು ತಾವೇ ಬರೆದು ತಂದರು. ಒಂದೊಂದೇ ಮಗುವನ್ನು ಕರೆದು, ಬೇರೆಯವರಿಗೆ ಕೇಳಿಸದಂತೆ ಓದಿಸಿದೆವು. ಐದು ಮಕ್ಕಳು ಕಥೆ ಓದಿದರು, ನಾಲ್ವರು ಬಿಡಿ ಪದಗಳನ್ನಷ್ಟೇ ಓದಿದರು, ಮೂವರು ಅಕ್ಷರದಲ್ಲೇ ನಿಂತರು. ಆ ಹುಡುಗ ಮೂವರಲ್ಲೊಬ್ಬ. ಮೂರು ವರ್ಷ ಅವನು ತರಗತಿಯಲ್ಲಿ ಎಲ್ಲರ ಜೊತೆ ದನಿಗೂಡಿಸಿ 'ಓದುತ್ತಿದ್ದ', ಯಾರಿಗೂ ಗೊತ್ತಾಗಿರಲಿಲ್ಲ. 'ಪ್ರಥಮ್' ಸಂಸ್ಥೆಯ ಅಸರ್ ಸಮೀಕ್ಷೆಯಲ್ಲೂ ಹೀಗೇ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ ಎಂಬ ಮೆಟ್ಟಿಲುಗಳಲ್ಲಿ ಓದಿಸುತ್ತಾರೆ. ಯಾಕೆ ಒಬ್ಬೊಬ್ಬರನ್ನೇ ಎಂಬುದು ನನಗೆ ಅವತ್ತು ಅರ್ಥವಾಯಿತು.

ಎರಡನೇ ಕರಡಿನಲ್ಲಿ 'ಮೊದಲೇ ನೋಡಿರದ, ಎರಡನೇ ತರಗತಿ ಮಟ್ಟದ ಕಥೆಯನ್ನು' ಎಂದು ಸೇರಿಸಿದೆವು. ಜೊತೆಗೆ ನಾನು ಜಾಣತನದಿಂದ 'ಶೇ 80 ಮಕ್ಕಳು' ಎಂದೂ ಬರೆದೆ. ಅದನ್ನು ಹೊಡೆದುಹಾಕಿದವರು ಮೇಡಂ. 'ಹನ್ನೆರಡು ಮಕ್ಕಳಲ್ಲಿ ಶೇ 80 ಅಂದ್ರೆ ಒಂಬತ್ತೂವರೆ ಮಗು. ಆ ಅರ್ಧ ಮಗು ಯಾವುದು? ಬಿಟ್ಟ ಎರಡು ಮಕ್ಕಳ ಹೆಸರೇನು?' ನಿಜ. ಸಣ್ಣ ಶಾಲೆಯಲ್ಲಿ ಒಂದು ಮಗು ಅಂದರೆ ಎಂಟು ಪರ್ಸೆಂಟ್. ಒಂದು ಕುಟುಂಬ ಊರು ಬಿಟ್ಟರೆ ಫಲಿತಾಂಶ ಏರುತ್ತದೆ, ಇಳಿಯುತ್ತದೆ. ಅಂಥ ಕಡೆ ಎಣಿಕೆಯೇ ಸರಿ.

ಮೂರನೇ ತಕರಾರು ಟೀಚರದ್ದು. 'ಎಲ್ಲರೂ ಓದೇ ಓದ್ತಾರೆ ಅಂತ ನಾನು ಹೇಗೆ ಮಾತು ಕೊಡ್ಲಿ? ನನ್ನ ಕೈಲಿರೋದು ಕಲಿಸೋದು ಮಾತ್ರ.' ಈ ಮಾತಿನಿಂದ ನಮಗೆ ಎರಡು ಬಗೆಯ ಮಾತುಗಳಿವೆ ಎಂದು ಹೊಳೆಯಿತು. ಒಂದು, ಶಾಲೆ ಮಾಡುವ ಕೆಲಸ. ಅದನ್ನು ಖಚಿತವಾಗಿ ಕೊಡಬಹುದು. ಇನ್ನೊಂದು, ಅದರಿಂದ ಬರುವ ಫಲ. ಅದನ್ನು ಗುರಿಯೆಂದು ಹೇಳಿ, ಎಷ್ಟು ಬಂತು ಎಂದು ತೋರಿಸಬಹುದು. ಕೆಲಸ ಮಾತ್ರ ಬರೆದರೆ ದಿನಾ ಪಾಠ ನಡೆದು ಯಾರೂ ಕಲಿಯದೆಯೂ ಮಾತು ಉಳಿಸಿಕೊಂಡಂತಾಗುತ್ತದೆ. ಫಲ ಮಾತ್ರ ಬರೆದರೆ ಹೆದರಿದ ಶಾಲೆ ಅಂಕಿ ತಿದ್ದುತ್ತದೆ. ಎರಡೂ ಬೇಕು. ಕೊನೆಗೆ ಗೋಡೆಗೆ ಹೋದದ್ದು ಹೀಗೆ:

'3, 4 ಮತ್ತು 5ನೇ ತರಗತಿಯ ಪ್ರತಿ ಮಗುವನ್ನೂ ಜೂನ್, ಸೆಪ್ಟೆಂಬರ್ ಮತ್ತು ಫೆಬ್ರುವರಿಯಲ್ಲಿ ಹೊಸ ಕಥೆಯೊಂದನ್ನು ಒಬ್ಬೊಬ್ಬರಾಗಿ ಓದಿಸುತ್ತೇವೆ. ಓದಲಾಗದ ಮಕ್ಕಳಿಗೆ ತರಗತಿ ಶಿಕ್ಷಕರು ದಿನಾ 40 ನಿಮಿಷ ಬೇರೆಯಾಗಿ ಕಲಿಸುತ್ತಾರೆ. ಎಷ್ಟು ಮಕ್ಕಳು ಓದಿದರು ಎಂಬುದನ್ನು ಇಲ್ಲಿ ಬರೆಯುತ್ತೇವೆ. ಗುರಿ: ಎಲ್ಲರೂ.'

ಮಕ್ಕಳ ಹೆಸರು ಗೋಡೆಗೆ ಬರುವುದಿಲ್ಲ, ಎಣಿಕೆ ಮಾತ್ರ. ಹೆಸರು ಟೀಚರ ಪುಸ್ತಕದಲ್ಲಿ ಇರುತ್ತದೆ, ಆಯಾ ಮಗುವಿನ ಅಪ್ಪ–ಅಮ್ಮ ಮಾತ್ರ ನೋಡಬಹುದು.

ಇನ್ನು ಶೇ 100 ಹಾಜರಾತಿ. ಇದು ಅಳೆಯಬಹುದಾದ ಸಾಲು, ಆದರೂ ಕೆಟ್ಟ ಸಾಲು. ರಾಗಿ ಕೊಯ್ಲಿನ ಹೊತ್ತಿಗೆ ನಮ್ಮೂರಲ್ಲಿ ದೊಡ್ಡ ಮಕ್ಕಳು ಹೊಲದಲ್ಲಿರುತ್ತಾರೆ, ಇಲ್ಲವೇ ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳುತ್ತಾರೆ. ಗೋಡೆ ನೂರು ಕೇಳಿದರೆ ಹಾಜರಿ ಪುಸ್ತಕ ನೂರು ಕೊಡುತ್ತದೆ, ಮಗು ಮಾತ್ರ ಬರುವುದಿಲ್ಲ. ಆ ಪುಸ್ತಕವನ್ನು ಬಿಸಿಯೂಟದ ಲೆಕ್ಕದ ಜೊತೆ ಇಟ್ಟು ನೋಡಿದರೆ ಸುಳ್ಳು ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಸಂಖ್ಯೆಯನ್ನು ತೆಗೆದು ಕೆಲಸವನ್ನು ಬರೆದೆವು: 'ಮಗು ಸತತ ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ತರಗತಿ ಶಿಕ್ಷಕರು ಮನೆಗೆ ಫೋನ್ ಮಾಡುತ್ತಾರೆ. ಸಿಗದಿದ್ದರೆ ಎಸ್‌ಡಿಎಂಸಿ ಸದಸ್ಯರೊಬ್ಬರು ಮನೆಗೆ ಹೋಗುತ್ತಾರೆ. ಕಾರಣವನ್ನು ಪುಸ್ತಕದಲ್ಲಿ ಬರೆಯುತ್ತಾರೆ.' ಇಲ್ಲಿ ಮಗು ಬಾರದಿರುವುದು ಶಾಲೆಯ ತಪ್ಪಲ್ಲ, ಕೇಳದಿರುವುದು ತಪ್ಪು. ಸುಳ್ಳು ಬರೆಯುವ ಅಗತ್ಯವೇ ಇಲ್ಲ.

'ಸ್ವಚ್ಛ ಪರಿಸರ'ವನ್ನು ಬಿಡಿಸಿಕೊಟ್ಟದ್ದು ಅಧ್ಯಕ್ಷರ ಮಗಳು. ಶಾಲೆಯಲ್ಲಿ ಏನು ಸ್ವಚ್ಛ ಇರಬೇಕು ಎಂದು ಕೇಳಿದ್ದಕ್ಕೆ, 'ಮಧ್ಯಾಹ್ನದ ಮೇಲೆ ನಮ್ಮ ಶೌಚಾಲಯದಲ್ಲಿ ನೀರು ಬರಲ್ಲ ಅಣ್ಣ' ಎಂದಳು. ನೀರು ಪಂಚಾಯಿತಿಯದ್ದು, ಮೋಟರ್ ಕೆಟ್ಟರೆ ಶಾಲೆ ಏನು ಮಾಡೀತು? ಆದ್ದರಿಂದ ಶಾಲೆಯ ಕೈಯಲ್ಲಿರುವುದನ್ನೇ ಬರೆದೆವು: 'ಹುಡುಗಿಯರ ಶೌಚಾಲಯದ ನಲ್ಲಿಯನ್ನು ಬೆಳಿಗ್ಗೆ ಮತ್ತು ಊಟದ ನಂತರ ನೋಡುತ್ತೇವೆ. ನೀರಿಲ್ಲದಿದ್ದರೆ ಅಂದೇ ತುಂಬಿಸಿಡುತ್ತೇವೆ, ಮೂರು ದಿನದೊಳಗೆ ಸರಿಯಾಗದಿದ್ದರೆ ಗ್ರಾಮ ಪಂಚಾಯಿತಿಗೆ ಪತ್ರ ಬರೆಯುತ್ತೇವೆ.' ಇದನ್ನು ಯಾವ ಅಧಿಕಾರಿಯೂ ಬಂದು ಪರಿಶೀಲಿಸಬೇಕಿಲ್ಲ. ನಲ್ಲಿ ತಿರುಗಿಸಲು ಗೊತ್ತಿರುವ ಮಗು ಸಾಕು.

ಎಲ್ಲ ಬರೆದಾದ ಮೇಲೆ ಮೇಡಂ ಸುಮ್ಮನೆ ಕುಳಿತರು. 'ಮೊದಲಿದ್ದದ್ದು ಇದ್ರೆ ಯಾರೂ ಬಂದು ನನ್ನ ಕೇಳ್ತಿರಲಿಲ್ಲ. ಇದನ್ನ ಬರೆಸಿದ್ರೆ ನಾಳೆ ನನ್ನ ಕುತ್ತಿಗೆಗೇ ಬರುತ್ತೆ' ಎಂದರು. ಅದು ಸುಳ್ಳು ಭಯವಲ್ಲ. ಶಾಲೆಯಲ್ಲಿ ಒಂದು ಶಿಕ್ಷಕರ ಹುದ್ದೆ ಖಾಲಿಯಿದೆ. 40 ನಿಮಿಷ ಯಾರು ಕೊಡಬೇಕು?

ಉತ್ತರ ಸಿಕ್ಕಿದ್ದು ಎಸ್‌ಡಿಎಂಸಿ ಸಭೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯದ್ದೇ ಕೆಲಸ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರಿರಬೇಕು ಎಂಬುದೂ ಇದೆ. ಹಾಗಾದರೆ ಖಾಲಿ ಹುದ್ದೆಯ ವಿಷಯವನ್ನು ಅಡಗಿಸುವುದೇಕೆ? ಧ್ಯೇಯದ ಕೊನೆಗೆ ಒಂದು ಸಾಲು ಸೇರಿತು: 'ಈ ಮಾತುಗಳನ್ನು ಉಳಿಸಿಕೊಳ್ಳಲು ಬೇಕಾದ ಶಿಕ್ಷಕರು: 6. ಈಗ ಇರುವವರು: 5.' ಮೂರೂ ಮಾತು ಅಭಿವೃದ್ಧಿ ಯೋಜನೆಗೆ ಸೇರಿದವು. ಗೋಡೆಯದ್ದು ಮೇಡಂ ಒಬ್ಬರ ಮಾತಾಗದೆ ಸಮಿತಿಯ ಠರಾವಾಯಿತು. ಮೊದಲಿಗಿಂತ ಸಾಲುಗಳು ಕಡಿಮೆ. ಹೆಚ್ಚು ಬರೆದರೆ ನೋಡಿ ಲೆಕ್ಕ ಇಡುವವರಿರುವುದಿಲ್ಲ ಎಂದು ಉಳಿದವನ್ನು ಕೈಬಿಟ್ಟೆವು.

ಇದರಿಂದ ಎಲ್ಲವೂ ಸಿಗುವುದಿಲ್ಲ. ಮಗು ಖುಷಿಯಾಗಿದೆಯೇ, ಟೀಚರನ್ನು ಪ್ರಶ್ನೆ ಕೇಳಲು ಹೆದರುತ್ತದೆಯೇ ಎಂಬುದನ್ನು ನಮ್ಮ ಯಾವ ಸಾಲೂ ಹೇಳುವುದಿಲ್ಲ. ಅದನ್ನು ಅಂಕಿಗೆ ಇಳಿಸಲು ಹೋಗಿ ಸೋತು, ದೃಷ್ಟಿಯ ಒಂದೇ ವಾಕ್ಯಕ್ಕೆ ಬಿಟ್ಟೆವು: 'ಇಲ್ಲಿ ಯಾವ ಮಗುವೂ ಕೇಳಲು ಹೆದರಬಾರದು.'

ದಸರಾ ರಜೆಗೆ ಹೋದಾಗ ಗೋಡೆ ನೋಡಿದೆ. ಬಣ್ಣದಲ್ಲಿ ಬರೆದ ಸಾಲುಗಳ ಪಕ್ಕ ಕಪ್ಪು ಹಲಗೆಯ ತುಂಡೊಂದನ್ನು ಹೊಡೆದಿದ್ದಾರೆ. ಅದರ ಮೇಲೆ ಸೀಮೆಸುಣ್ಣದಲ್ಲಿ, ಮೇಡಂ ಅಕ್ಷರದಲ್ಲೇ: 'ನಾಲ್ಕನೇ ತರಗತಿ. ಜೂನ್: 12ರಲ್ಲಿ 5. ಸೆಪ್ಟೆಂಬರ್: 12ರಲ್ಲಿ 8. ದಿನಾ 40 ನಿಮಿಷ: ಆಗಸ್ಟ್‌ನಲ್ಲಿ 9 ದಿನ ಆಗಿಲ್ಲ.'

ಆ ಹುಡುಗ ಎಂಟರಲ್ಲಿ ಇನ್ನೂ ಸೇರಿಲ್ಲ. ಪದಗಳವರೆಗೆ ಬಂದಿದ್ದಾನಂತೆ. ಅವನು ಎಲ್ಲಿದ್ದಾನೆ ಎಂಬುದು ಈಗ ಅವನ ಟೀಚರಿಗೂ ಗೊತ್ತು, ಅವನ ಅಮ್ಮನಿಗೂ ಗೊತ್ತು. ನಾನು ಉರು ಹೊಡೆದ ನಮ್ಮ ಕಾಲೇಜಿನ ಮಿಷನ್‌ನ ಒಂದು ಸಾಲೂ ನನಗೀಗ ನೆನಪಿಲ್ಲ. 'ಆಗಿಲ್ಲ' ಎಂದು ಬರೆದಿದ್ದ ಆ ಹಲಗೆಯನ್ನು ಮಾತ್ರ ಮರೆಯಲಾಗುತ್ತಿಲ್ಲ.