ಒಂದೇ ವೃತ್ತ, ಮೂರು ಲೆಕ್ಕ

ಸೆನ್ಸರ್ ಕೊಡುವ ಅಳತೆಗಳು ವಿಪರೀತ ಏರಿಳಿಯುತ್ತಿದ್ದರೆ ಎಂಜಿನಿಯರುಗಳು ಮೊದಲು ಕೈಹಾಕುವುದು ಸರಾಸರಿಗೆ. ಇತ್ತೀಚಿನ ನಾಲ್ಕು ಅಳತೆಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸಣ್ಣಪುಟ್ಟ ಗದ್ದಲ ಇಳಿಯುತ್ತದೆ. ಈ ಫಿಲ್ಟರ್ ಯಾವ ಕಂಪನವನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡಲು 1, 1, 1, 1 ಎಂಬ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಎಫ್‌ಎಫ್‌ಟಿ ಮಾಡಿಸಿದರೆ ಬರುವ ಉತ್ತರ 4, 0, 0, 0. ಏರಿಳಿತವಿಲ್ಲದ ಸ್ಥಿರ ಭಾಗ ಮಾತ್ರ ದಾಟುತ್ತದೆ, ಉಳಿದದ್ದೆಲ್ಲ ಸೊನ್ನೆ ಎಂದು ಇದನ್ನು ಓದಿಕೊಳ್ಳುವವರಿದ್ದಾರೆ. ಆದರೆ ಸೆಕೆಂಡಿಗೆ 8000 ಅಳತೆ ತೆಗೆಯುವ ಉಪಕರಣದಲ್ಲಿ ಇದೇ ಫಿಲ್ಟರಿಗೆ 1000 ಹರ್ಟ್ಸ್ ಕಂಪನ ಕೊಟ್ಟು ನೋಡಿ: ಅದರ ಎತ್ತರದ ಶೇ. 65ರಷ್ಟು ಆಚೆ ಬರುತ್ತದೆ!

ಕಂಪ್ಯೂಟರಿನ ಲೆಕ್ಕ ತಪ್ಪಿಲ್ಲ. ಅದು ಉತ್ತರಿಸಿದ ಪ್ರಶ್ನೆಯೇ ಬೇರೆ. ಅದು ಯಾವುದೆಂದು ತಿಳಿಯಲು ಝಡ್ ಟ್ರಾನ್ಸ್‌ಫಾರ್ಮ್‌ನಿಂದ ಹೊರಡಬೇಕು. ಅದು ಅಂಕಿಗಳ ಸರಣಿಯನ್ನು ಒಂದು ಬೀಜಗಣಿತದ ಸೂತ್ರವಾಗಿಸುತ್ತದೆ. ನಮ್ಮ ನಾಲ್ಕು ಒಂದುಗಳಿಗೆ ಆ ಸೂತ್ರ ಹೀಗಿದೆ:

```
X(z) = 1 + z^-1 + z^-2 + z^-3
```

ಇಲ್ಲಿ z ಸಂಕೀರ್ಣ ಸಂಖ್ಯೆ, ಅಂದರೆ ಒಂದು ಸಮತಲದ ಮೇಲಿನ ಬಿಂದು. ಆ ಸಮತಲದಲ್ಲಿ, ಮೂಲಬಿಂದುವಿನ ಸುತ್ತ 1 ತ್ರಿಜ್ಯದ ವೃತ್ತ ಎಳೆಯಿರಿ. ಇದೇ ಯೂನಿಟ್ ಸರ್ಕಲ್. ಅದರ ಮೇಲೆ ಪ್ರತಿಯೊಂದು ಕೋನವೂ ಒಂದೊಂದು ಆವರ್ತನ: ಬಲತುದಿ 0 ಹರ್ಟ್ಸ್, ಕಾಲು ಸುತ್ತು 2000, ಅರ್ಧ ಸುತ್ತು 4000. ವೃತ್ತದ ಮೇಲೆಯೇ ನಡೆಯುತ್ತ ಎಲ್ಲ ಕೋನಗಳಲ್ಲೂ X(z) ಬೆಲೆ ಬರೆದುಕೊಂಡರೆ ಸಿಗುವ ಅಖಂಡ ರೇಖೆಯೇ ಡಿಸ್ಕ್ರೀಟ್ ಟೈಮ್ ಫೋರಿಯರ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಟಿಎಫ್‌ಟಿ.

ಅಖಂಡ ರೇಖೆಯ ಬೆಲೆಗಳನ್ನೆಲ್ಲ ಕಂಪ್ಯೂಟರ್ ಲೆಕ್ಕಹಾಕಿ ಮುಗಿಸಲಾರದು. ಅದು ವೃತ್ತದ ಮೇಲೆ ಸಮಾನ ಅಂತರದಲ್ಲಿ ಕೆಲವೇ ಬಿಂದುಗಳನ್ನು ಆರಿಸಿಕೊಳ್ಳುತ್ತದೆ. ಅದು ಡಿಸ್ಕ್ರೀಟ್ ಫೋರಿಯರ್ ಟ್ರಾನ್ಸ್‌ಫಾರ್ಮ್, ಡಿಎಫ್‌ಟಿ. ಎಫ್‌ಎಫ್‌ಟಿ ಎನ್ನುವುದು ಇದನ್ನೇ ಬೇಗ ಲೆಕ್ಕಹಾಕುವ ವಿಧಾನ. ಅಂಕಿಗಳು ನಾಲ್ಕಿದ್ದರೆ ಬಿಂದುಗಳೂ ನಾಲ್ಕು: 0, 2000, 4000, 6000 ಹರ್ಟ್ಸ್. ಈ ಕೊನೆಯದು −2000ಕ್ಕೇ ಇನ್ನೊಂದು ಹೆಸರು. ನಮ್ಮ X(z) ಸೊನ್ನೆಯಾಗುವುದು ಮೂರೇ ಕಡೆ: ಕಾಲು, ಅರ್ಧ, ಮುಕ್ಕಾಲು ಸುತ್ತಿನಲ್ಲಿ. ಡಿಎಫ್‌ಟಿಯ ಮೂರು ಬಿಂದುಗಳು ಸರಿಯಾಗಿ ಅವುಗಳ ಮೇಲೆಯೇ ಬಿದ್ದವು. ನಡುವೆ ರೇಖೆ ಎಷ್ಟು ಎದ್ದಿದೆ ಎಂಬುದನ್ನು ಅದು ನೋಡಲೇ ಇಲ್ಲ.

ನೋಡುವ ದಾರಿ ಸುಲಭ. ನಾಲ್ಕು ಒಂದುಗಳ ಮುಂದೆ ನಾಲ್ಕು ಸೊನ್ನೆ ಸೇರಿಸಿ ಎಂಟು ಬಿಂದುಗಳ ಡಿಎಫ್‌ಟಿ ಮಾಡಿಸಬೇಕು.

```
import numpy as np
print(np.abs(np.fft.fft([1,1,1,1], 8)).round(2))
```

ಉತ್ತರ 4, 2.61, 0, 1.08, 0, 1.08, 0, 2.61. ಎರಡನೆಯದು 1000 ಹರ್ಟ್ಸ್‌ನದು, 2.61ನ್ನು ನಾಲ್ಕರಿಂದ ಭಾಗಿಸಿದರೆ ಆ ಶೇ. 65 ಸಿಗುತ್ತದೆ. 3000 ಹರ್ಟ್ಸ್ ಕೂಡ ಶೇ. 27ರಷ್ಟು ದಾಟುತ್ತದೆ. ಆದರೆ ಸೊನ್ನೆ ಸೇರಿಸಿದ್ದರಿಂದ ಹೊಸ ಮಾಹಿತಿ ಬಂತೆಂದು ತಿಳಿಯಬಾರದು. ರೇಖೆ ಅದೇ, ಅದರ ಮೇಲಿಟ್ಟ ಚುಕ್ಕಿಗಳು ಮಾತ್ರ ಹೆಚ್ಚಾದವು. ಹತ್ತಿರಹತ್ತಿರದ ಎರಡು ಸ್ವರಗಳನ್ನು ಬೇರ್ಪಡಿಸಿ ಕಾಣಬೇಕಾದರೆ ಹೆಚ್ಚು ಹೊತ್ತು ಅಳತೆ ತೆಗೆಯದೆ ಬೇರೆ ಉಪಾಯವಿಲ್ಲ.

ಹಾಗಾದರೆ ಝಡ್ ಸೂತ್ರದಲ್ಲಿ ವೃತ್ತದ ಬಿಂದುಗಳನ್ನು ಹಾಕಿಬಿಟ್ಟರೆ ಯಾವಾಗಲೂ ಡಿಟಿಎಫ್‌ಟಿ ಸಿಗುತ್ತದೆಯೇ? ಸರಣಿಗೆ ಕೊನೆಯಿದ್ದರೆ ಸಿಗುತ್ತದೆ. ಕೊನೆಯಿಲ್ಲದಿದ್ದರೆ ಎಚ್ಚರ ಬೇಕು. 1, 2, 4, 8 ಎಂದು ದುಪ್ಪಟ್ಟಾಗುತ್ತ ಹೋಗುವ ಸರಣಿಯ ಝಡ್ ಟ್ರಾನ್ಸ್‌ಫಾರ್ಮ್ z/(z−2). ಇದರಲ್ಲಿ z = 1 ಹಾಕಿದರೆ −1 ಎಂಬ ಉತ್ತರ ಬರುತ್ತದೆ. 1 + 2 + 4 + 8 ಎಂದು ಕೂಡುತ್ತ ಹೋದರೆ ಮೊತ್ತ ಬೆಳೆಯುತ್ತಲೇ ಇರುತ್ತದೆ, −1 ಆಗುವ ಮಾತೇ ಇಲ್ಲ. ಈ ಸರಣಿಗೆ ಸೂತ್ರ ಅನ್ವಯಿಸುವುದು 2 ತ್ರಿಜ್ಯದ ವೃತ್ತದ ಹೊರಗೆ ಮಾತ್ರ. ಯೂನಿಟ್ ಸರ್ಕಲ್ ಆ ವಲಯದ ಆಚೆ ಉಳಿಯುತ್ತದೆ. ಹೀಗಾಗಿ ಈ ಸರಣಿಗೆ ಡಿಟಿಎಫ್‌ಟಿಯೇ ಇಲ್ಲ. ಆ −1 ಬೇರೊಂದು ಸರಣಿಗೆ ಸೇರಿದ್ದು: ಕಾಲದಲ್ಲಿ ಹಿಂದಕ್ಕೆ −1/2, −1/4, −1/8 ಎಂದು ಸಾಗುವ ಸರಣಿಗೂ ಇದೇ ಸೂತ್ರ, ಆದರೆ 2 ತ್ರಿಜ್ಯದ ವೃತ್ತದ ಒಳಗೆ. ಅದರ ಮೊತ್ತ ನಿಜಕ್ಕೂ −1.

ಆದ್ದರಿಂದ ಝಡ್ ಸೂತ್ರದ ಜೊತೆಗೆ ಅದು ಅನ್ವಯಿಸುವ ವಲಯವನ್ನೂ ಬರೆಯಬೇಕು. ಮುಂದಕ್ಕಷ್ಟೇ ಸಾಗುವ ಸರಣಿಯಾದರೆ ಗುರುತು ಹಿಡಿಯುವುದು ಸುಲಭ: ಸೂತ್ರದ ಛೇದ ಸೊನ್ನೆಯಾಗುವ ಬಿಂದುಗಳೆಲ್ಲ ಯೂನಿಟ್ ಸರ್ಕಲ್‌ನ ಒಳಗಿದ್ದರೆ ವೃತ್ತದ ಮೇಲಿನ ಬೆಲೆಯೇ ಡಿಟಿಎಫ್‌ಟಿ. ಒಂದಾದರೂ ಹೊರಗಿದ್ದರೆ ಡಿಟಿಎಫ್‌ಟಿ ಇಲ್ಲ. ವೃತ್ತದ ಮೇಲೆಯೇ ಕುಳಿತಿದ್ದರೆ, 1, 1, 1 ಎಂದು ಮುಗಿಯದೆ ಸಾಗುವ ಸರಣಿಯಲ್ಲಿ ಆಗುವಂತೆ, ಸೂತ್ರದ ಬೆಲೆಯ ಜೊತೆಗೆ ಆ ಆವರ್ತನದಲ್ಲಿ ಒಂದು ಇಂಪಲ್ಸ್ ಕೂಡ ಸೇರಿಸಬೇಕಾಗುತ್ತದೆ. ಡಿಎಫ್‌ಟಿಗೆ ಈ ತೊಡಕು ಯಾವುದೂ ಗೊತ್ತಾಗುವುದಿಲ್ಲ. ದುಪ್ಪಟ್ಟಾಗುವ ಸರಣಿಯ ಮೊದಲ ನಾಲ್ಕು ಅಂಕಿ ಕೊಟ್ಟರೂ ಅದು 0 ಹರ್ಟ್ಸ್‌ಗೆ 15 ಎಂದು ತಕರಾರಿಲ್ಲದೆ ಉತ್ತರಿಸುತ್ತದೆ. ಅದು ಆ ನಾಲ್ಕು ಅಂಕಿಗಳ ಮಟ್ಟಿಗೆ ಸರಿಯಾದ ಉತ್ತರ, ಇಡೀ ಸರಣಿಯದ್ದಲ್ಲ.