‘ಎಕ್ಸ್‌ಟ್ರಾ ಡ್ರೈ’ ಯಾಕೆ ಸಿಹಿ?

ಸಿಹಿ ಬೇಡ ಎನ್ನುವವರು ಶಾಂಪೇನ್ ಕೊಳ್ಳಲು ಹೋದಾಗ ಬೇಸ್ತು ಬೀಳುವುದು ‘ಎಕ್ಸ್‌ಟ್ರಾ ಡ್ರೈ’ ಎಂಬ ಲೇಬಲ್‌ಗೆ. ಡ್ರೈ ವೈನ್ ಎಂದರೆ ಸಿಹಿಯಿಲ್ಲದ್ದು. ಎಕ್ಸ್‌ಟ್ರಾ ಡ್ರೈಯಲ್ಲಿ ಸಿಹಿಯ ಸುಳಿವೇ ಇರಬಾರದಲ್ಲ? ಆದರೆ ಪಕ್ಕದಲ್ಲಿರುವ ‘ಬ್ರೂಟ್’ಗಿಂತ ಅದೇ ಹೆಚ್ಚು ಸಿಹಿ.

ಶಾಂಪೇನ್ ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ, ಗುಳ್ಳೆ ಹುಟ್ಟುವುದು ಆಗಲೇ. ತಳದಲ್ಲಿ ನಿಂತ ಯೀಸ್ಟ್‌ನ ಗಸಿಯನ್ನು ನಿಧಾನವಾಗಿ ಬಾಟಲಿಯ ಕತ್ತಿಗೆ ಇಳಿಸಿ, ಅಲ್ಲಿಯೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಒಳಗಿನ ಒತ್ತಡಕ್ಕೆ ಗಸಿ ಚಿಮ್ಮಿ ಹೊರಬೀಳುತ್ತದೆ. ಕಡಿಮೆಯಾದಷ್ಟನ್ನು ಸಾಮಾನ್ಯವಾಗಿ ಸಕ್ಕರೆ ಬೆರೆಸಿದ ವೈನ್‌ನಿಂದ ತುಂಬಿ ಬಿರಡೆ ಜಡಿಯುತ್ತಾರೆ. ಈ ತುಂಬುವಿಕೆಗೆ ‘ದೋಸಾಜ್’ ಎಂದು ಹೆಸರು. ಲೇಬಲ್‌ನ ಪದ ಬಹುಪಾಲು ನಿರ್ಧಾರವಾಗುವುದು ಇಲ್ಲಿ.

ಐರೋಪ್ಯ ಒಕ್ಕೂಟದ ನಿಯಮದಂತೆ ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈಯಲ್ಲಿ 12ರಿಂದ 17 ಗ್ರಾಂ. ಅಂದರೆ 750 ಮಿಲಿ ಬ್ರೂಟ್ ಬಾಟಲಿಯಲ್ಲಿ ಹೆಚ್ಚೆಂದರೆ ಎರಡು ಟೀ ಚಮಚದಷ್ಟು. ಅದೇ ‘ಡೆಮಿ ಸೆಕ್’ ಆದರೆ ಆರರಿಂದ ಒಂಬತ್ತು ಚಮಚ! ಹತ್ತೊಂಬತ್ತನೇ ಶತಮಾನದಲ್ಲಿ, ಅದರಲ್ಲೂ ರಷ್ಯಾಕ್ಕೆ ಹೋಗುತ್ತಿದ್ದ ಶಾಂಪೇನ್ ಪಾಕದಂತಿತ್ತು. ಆ ಕಾಲದ ನಾಲಿಗೆಗೆ ಡ್ರೈ ಎನಿಸಿದ್ದಕ್ಕೆ ಆ ಹೆಸರು ಬಿತ್ತು. ಆಮೇಲೆ ಇಂಗ್ಲಿಷರ ರುಚಿಗೆ ತಕ್ಕಂತೆ ಸಿಹಿ ಇನ್ನಷ್ಟು ಇಳಿದು ಬ್ರೂಟ್ ಬಂದರೂ ಹಳೆಯ ಹೆಸರುಗಳು ಹಾಗೇ ಉಳಿದವು.

‘ರಿಸರ್ವಾ’ ಹೇಳುವುದು ವಯಸ್ಸನ್ನು. ಸ್ಪೇನಿನ ರಿಯೋಹಾದಲ್ಲಿ ಕೆಂಪು ವೈನ್ ಈ ಹೆಸರು ಪಡೆಯಬೇಕಾದರೆ ಒಟ್ಟು ಮೂರು ವರ್ಷ ಮಾಗಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ‘ಗ್ರಾನ್ ರಿಸರ್ವಾ’ಕ್ಕೆ ಐದು ವರ್ಷ. ಬಾಟಲಿಯ ಹಿಂಬದಿಯಲ್ಲಿ ಅಲ್ಲಿನ ನಿಯಂತ್ರಣ ಮಂಡಳಿಯ ಸಂಖ್ಯೆಯಿರುವ ಚೀಟಿ ಇದಕ್ಕೆ ಸಾಕ್ಷಿ. ಹಾಗೆಂದು ವಯಸ್ಸಾದದ್ದೆಲ್ಲ ರುಚಿಯೆಂದೇನಲ್ಲ. ತಾಜಾ ಹಣ್ಣಿನ ಘಮ ಬೇಕೆನ್ನುವವರಿಗೆ ಎಳೆಯ ವೈನೇ ವಾಸಿ. ಇನ್ನು ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯ ‘ಲಾ ರಿಸರ್ವ್’ ಹೆಸರುವಾಸಿ ವೈನ್ ಹೌದು. ಆದರೆ ಅಲ್ಲಿ ರಿಸರ್ವ್ ಎಂಬುದು ತಯಾರಕರು ಇಟ್ಟುಕೊಂಡ ಹೆಸರು, ರಿಯೋಹಾದ ಲೆಕ್ಕ ಅದಕ್ಕೆ ತಾಗುವುದಿಲ್ಲ.

ಹೆಚ್ಚು ಗೋಜಲು ಇರುವುದು ಫ್ರಾನ್ಸಿನ ‘ಕ್ರು’ವಿನಲ್ಲಿ. ಬರ್ಗಂಡಿಯಲ್ಲಿ ‘ಗ್ರಾಂ ಕ್ರು’ ದರ್ಜೆ ಸಿಗುವುದು ಜಮೀನಿಗೆ: ಸುಮಾರು ನಾಲ್ಕೂವರೆ ಎಕರೆಯ ರೊಮಾನೆ ಕೊಂಟಿ ತೋಟ ಯಾರ ಕೈಯಲ್ಲಿದ್ದರೂ ಗ್ರಾಂ ಕ್ರುವೇ. ಬೋರ್ಡೋದ 1855ರ ಪಟ್ಟಿ ಮಾತ್ರ ದರ್ಜೆ ಕೊಟ್ಟದ್ದು ‘ಶಾಟೋ’ ಎನ್ನುವ ವೈನ್ ಮನೆತನಗಳಿಗೆ. ಅದೇ ಬೋರ್ಡೋ ಸೀಮೆಯ ಸೇಂತ್ ಎಮಿಲಿಯೋದಲ್ಲಂತೂ ತುಸು ಬಿಗಿಯಾದ ನಿಯಮ ಪಾಲಿಸಿದ ನೂರಾರು ತಯಾರಕರು ‘ಗ್ರಾಂ ಕ್ರು’ ಎಂದು ಅಚ್ಚು ಹಾಕಿಸಬಹುದು. ಸುಮಾರು ಹತ್ತು ವರ್ಷಕ್ಕೊಮ್ಮೆ ನಡೆಯುವ ಅಲ್ಲಿನ ಪರೀಕ್ಷೆ ದಾಟಿದವರ ಲೇಬಲ್‌ನಲ್ಲಿ ಕೊನೆಗೊಂದು ಪದ ಹೆಚ್ಚಿಗೆ ಇರುತ್ತದೆ: ‘ಕ್ಲಾಸೆ’.