189 ದಿನಗಳ ಲೆಕ್ಕ

2024ರ ಜುಲೈ 31, ಬುಧವಾರ. ದೇಶದ ಯುಪಿಐ ಜಾಲವನ್ನು ನಡೆಸುವ ಎನ್‌ಪಿಸಿಐ ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್‌ನ ಕೆಲವು ವ್ಯವಸ್ಥೆಗಳಿಗೆ ರ‍್ಯಾನ್ಸಮ್‌ವೇರ್ ದಾಳಿ ತಗಲಿರುವ ಸಾಧ್ಯತೆಯಿದೆ, ಅದಕ್ಕಾಗಿ ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಲಾಗಿದೆ ಎಂಬುದು ಅದರ ಸಾರ. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು ಎಂದು ಸುದ್ದಿಸಂಸ್ಥೆಗಳು ವರದಿ ಮಾಡಿದವು. ನಮ್ಮ ಘಾಟ್ಕೋಪರ್ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಯಾರಾದರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದು, ಅವರ ಖಾತೆ ಆ ಬ್ಯಾಂಕುಗಳ ಪೈಕಿ ಒಂದರಲ್ಲಿ ಇದ್ದಿದ್ದರೆ ಹಣ ಹೋಗುತ್ತಿರಲಿಲ್ಲ.

ಮರುದಿನವೇ ಸಂಪರ್ಕ ಮರಳಿತು. ಸ್ವತಂತ್ರ ತಪಾಸಣಾ ಸಂಸ್ಥೆಯೊಂದು ಪರಿಶೀಲಿಸಿದೆ, ಹಾನಿ ಸಿ-ಎಡ್ಜ್‌ನ ಡೇಟಾ ಸೆಂಟರ್ ದಾಟಿಲ್ಲ, ಬ್ಯಾಂಕುಗಳ ಸ್ವಂತ ವ್ಯವಸ್ಥೆಗಳಿಗೆ ಧಕ್ಕೆಯಾಗಿಲ್ಲ ಎಂದು ಎನ್‌ಪಿಸಿಐ ತಿಳಿಸಿತು. ಬ್ಯಾಂಕಿನ ನಿರ್ದೇಶಕರಿಗೆ ಮೊದಲು ಬೇಕಾಗಿದ್ದುದು ಈ ಮಾತೇ. ಸಹಕಾರಿ ಬ್ಯಾಂಕಿನ ನಿರ್ದೇಶಕರೆಂದರೆ ಸದಸ್ಯರು ಆರಿಸಿ ಕಳಿಸಿದ ವ್ಯಾಪಾರಿಗಳು, ವಕೀಲರು, ಮೇಷ್ಟ್ರುಗಳು. ಠೇವಣಿ ಭದ್ರವೇ, ಸೇವೆ ಯಾವಾಗ ಶುರು, ಯಾರಿಗೆ ಉತ್ತರ ಕೊಡಬೇಕು ಎಂಬುದು ಅವರ ಕಳವಳ.

ಕೆಲವೇ ದಿನಗಳಲ್ಲಿ ಇದೇ ಘಟನೆಯ ಇನ್ನೊಂದು ಮುಖ ಹೊರಬಿತ್ತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿಯ ಎಳೆ ಶುರುವಾದದ್ದು ಸಿ-ಎಡ್ಜ್‌ನ ಸಹಯೋಗಿಯಾದ ಬ್ರೊಂಟೂ ಟೆಕ್ನಾಲಜಿ ಸಲ್ಯೂಷನ್ಸ್‌ನಲ್ಲಿ. ಬ್ರೊಂಟೂ ತಾನೇ ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ಸಲ್ಲಿಸಿದ ವರದಿಯಲ್ಲಿ, ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದು ಜೆಂಕಿನ್ಸ್ ಸರ್ವರ್‌ನ ಹೆಸರಿತ್ತು. ಪ್ರೋಗ್ರಾಮರುಗಳು ಬರೆದದ್ದನ್ನು ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಕಳಿಸುವ ತಂತ್ರಾಂಶ ಜೆಂಕಿನ್ಸ್. ಅದರಲ್ಲಿದ್ದ CVE-2024-23897 ಎಂಬ ಲೋಪವನ್ನು ಬಳಸಿ ದಾಳಿಕೋರರು ಎಸ್‌ಎಸ್‌ಎಚ್ ಪ್ರವೇಶ ಗಿಟ್ಟಿಸಿಕೊಂಡಿದ್ದಾರೆ, ಇದು ರ‍್ಯಾನ್ಸಮ್‌ಎಕ್ಸ್ ಎಂಬ ಗುಂಪಿನ ಕೆಲಸ ಎಂದು ಕ್ಲೌಡ್‌ಸೆಕ್ ಗುರುತಿಸಿತು.

ಹೀಗೆ ಒಂದೇ ಘಟನೆಗೆ ಎರಡು ಬರಹಗಳು ಹುಟ್ಟಿದವು. ಮೊದಲನೆಯದನ್ನು ಓದಿದ ನಿರ್ದೇಶಕರಿಗೆ ಕಾರಣ ತಿಳಿಯುವುದಿಲ್ಲ. ಎರಡನೆಯದು ಅವರ ಕೈಗೆ ಬಂದರೆ ಎರಡನೇ ಸಾಲಿಗೇ ಪುಟ ಮುಚ್ಚುತ್ತಾರೆ. ತಾಂತ್ರಿಕ ಸಿಬ್ಬಂದಿಗೂ ಆಡಳಿತಕ್ಕೂ ಒಟ್ಟಿಗೆ ಒಂದೇ ವರದಿ ಬರೆಯಬೇಕೆಂಬ ಅಗತ್ಯ ಹುಟ್ಟುವುದು ಈ ಕಂದಕದಲ್ಲಿ. ಕಂದಕ ದಾಟಿಸುವ ಸೇತುವೆ ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ: ತಾರೀಖು.

ಲೋಪವನ್ನೇ ನೋಡೋಣ. ಜೆಂಕಿನ್ಸ್‌ಗೆ ಆದೇಶ ಕೊಡುವಾಗ @ ಚಿಹ್ನೆಯ ಮುಂದೆ ಒಂದು ಕಡತದ ಹೆಸರು ಬರೆದರೆ, ಅದು ಹೆಸರಿನ ಜಾಗದಲ್ಲಿ ಆ ಕಡತದೊಳಗಿನ ಬರಹವನ್ನೇ ತಂದಿಡುತ್ತಿತ್ತು. ಲಾಗಿನ್ ಇಲ್ಲದ ಹೊರಗಿನವನೂ ಕಡತದ ಮೊದಲ ಕೆಲವು ಸಾಲು ಓದಬಹುದಿತ್ತು. ಓದುವ ಅನುಮತಿ ಇದ್ದವನಿಗೆ ಇಡೀ ಕಡತ ಸಿಗುತ್ತಿತ್ತು. ಅಂಥ ಕಡತಗಳ ನಡುವೆ ಬೇರೆ ಸರ್ವರ್‌ಗಳ ಕೀಲಿಗಳೂ ಇರುತ್ತವೆ. ಜೆಂಕಿನ್ಸ್ ತಂಡ ಇದನ್ನು 2024ರ ಜನವರಿ 24ರಂದು ಬಹಿರಂಗಪಡಿಸಿ, ಅಂದೇ 2.442 ಆವೃತ್ತಿಯಲ್ಲಿ ಸರಿಪಡಿಸಿತು.

ಜನವರಿ 24ರಿಂದ ಜುಲೈ 31ಕ್ಕೆ 189 ದಿನ. ಲೋಪದ ಒಳಮರ್ಮ ತಿಳಿಯದ ನಿರ್ದೇಶಕರಿಗೂ ಈ ಸಂಖ್ಯೆ ಅರ್ಥವಾಗುತ್ತದೆ. ಮದ್ದು ಬಿಟ್ಟಿಯಾಗಿ ಸಿಕ್ಕ ದಿನಕ್ಕೂ ಪಾವತಿ ನಿಂತ ದಿನಕ್ಕೂ ನಡುವೆ ಆರು ತಿಂಗಳು ದಾಟಿತ್ತು. ತಂತ್ರಜ್ಞರಿಗೂ ಅದೇ ಸಂಖ್ಯೆ ಬೇರೊಂದು ಎಚ್ಚರಿಕೆ ಕೊಡುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಈ ಕನಿಷ್ಠ ಮಿತಿಯನ್ನಷ್ಟೇ ಪಾಲಿಸುವ ಯಾವುದೇ ಸಂಸ್ಥೆಯಲ್ಲಿ, ಲೋಪ ಬಯಲಾದ ವಾರದಲ್ಲೇ ಒಳನುಗ್ಗಿದವನ ಹೆಜ್ಜೆಗುರುತು 189ನೇ ದಿನಕ್ಕೆ ಅಳಿಸಿಹೋಗಿರುತ್ತದೆ. ಆಗ ಪ್ರವೇಶ ಯಾವಾಗ ಆಯಿತೆಂಬುದನ್ನು ವರದಿ ಖಚಿತವಾಗಿ ಹೇಳಲಾರದು. ‘ಲಾಗ್‌ನಲ್ಲಿ ಕುರುಹು ಇಲ್ಲ’ ಎನ್ನುವುದೂ ‘ಯಾರೂ ಬಂದಿಲ್ಲ’ ಎನ್ನುವುದೂ ಒಂದೇ ಅಲ್ಲ. ಇದನ್ನು ಆಡಳಿತಕ್ಕೆ ಬಿಡಿಸಿ ಹೇಳುವುದು ವರದಿಕಾರನ ಕರ್ತವ್ಯ.

ಅದೇ ನಿರ್ದೇಶನ ಇನ್ನೆರಡು ನಿಯಮಗಳಿಂದಲೂ ವರದಿಯ ಆಕಾರವನ್ನು ತಿದ್ದಿತು. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಆರು ಗಂಟೆಯಲ್ಲಿ ಯಾರಿಗೂ ಪೂರ್ತಿ ಸತ್ಯ ಸಿಗುವುದಿಲ್ಲ. ಆದ್ದರಿಂದ ಮೊದಲ ವರದಿಯಲ್ಲಿ ಕಂಡದ್ದು, ಊಹಿಸಿದ್ದು, ಇನ್ನೂ ಹುಡುಕಬೇಕಾದದ್ದು ಎಂದು ಮೂರು ಪಾಲು ಮಾಡುವುದು ಅನಿವಾರ್ಯವಾಯಿತು. ಎನ್‌ಪಿಸಿಐ ಪ್ರಕಟಣೆಯಲ್ಲಿ ‘ಸಾಧ್ಯತೆ’ ಎಂಬ ಪದ ಇದ್ದದ್ದು ನುಣುಚಿಕೊಳ್ಳುವುದಕ್ಕಲ್ಲ. ಆ ಹೊತ್ತಿಗೆ ಅದೇ ಪ್ರಾಮಾಣಿಕ ಪದ.

ಇನ್ನೊಂದು ನಿಯಮ ಗಡಿಯಾರದ್ದು. ಎಲ್ಲ ಯಂತ್ರಗಳ ಸಮಯವೂ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು. ಗಡಿಯಾರ ಸರಿಯಿದ್ದರೂ ಸಮಯ ಬರೆಯುವ ರೀತಿ ಬೇರೆಯಾದರೆ ಏನಾಗುತ್ತದೆಂದು ಒಂದು ಲೆಕ್ಕದಲ್ಲಿ ನೋಡಿ. ಸರ್ವರ್ ಒಂದು ಭಾರತೀಯ ಸಮಯ 00:35ಕ್ಕೆ ಕಡತಗಳಿಗೆ ಬೀಗ ಬಿದ್ದಿತೆಂದು ದಾಖಲಿಸಿದೆ. ಫೈರ್‌ವಾಲ್ ಹಿಂದಿನ ರಾತ್ರಿ 19:10ಕ್ಕೆ ಅನುಮಾನಾಸ್ಪದ ಸಂಪರ್ಕವೊಂದನ್ನು ದಾಖಲಿಸಿದೆ. ಹಾಗೆಯೇ ಓದಿದರೆ ಸಂಪರ್ಕ ಐದು ಗಂಟೆ ಇಪ್ಪತ್ತೈದು ನಿಮಿಷ ಮೊದಲೇ ಆಗಿದೆ. ಕಾವಲಿನವರು ನಿದ್ದೆ ಮಾಡುತ್ತಿದ್ದರೇ ಎಂದು ಆಡಳಿತ ಸಿಡುಕುತ್ತದೆ. ಆದರೆ ಫೈರ್‌ವಾಲ್ ಬರೆದದ್ದು ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ಅದು 00:40. ಅಂದರೆ ಬೀಗ ಬಿದ್ದ ಐದು ನಿಮಿಷದ ಮೇಲೆ ಆದ ಸಂಪರ್ಕ. ದಾಳಿಗೆ ಅದು ಕಾರಣವೇ ಅಲ್ಲ. ಆದ್ದರಿಂದ ವರದಿಯ ಮೊದಲ ಪುಟದಲ್ಲೇ ‘ಎಲ್ಲ ಸಮಯವೂ ಭಾರತೀಯ ಸಮಯ’ ಎಂದು ಬರೆದು, ಪ್ರತಿ ದಾಖಲೆಯನ್ನೂ ಅದಕ್ಕೆ ಇಳಿಸಬೇಕು.

ಕಾಲಾನುಕ್ರಮವನ್ನೇ ಬೆನ್ನೆಲುಬಾಗಿಸಿಕೊಂಡ ವರದಿ ಎಷ್ಟು ಹೇಳಬಲ್ಲದು ಎನ್ನುವುದಕ್ಕೆ ಐರ್ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆಯ ಉದಾಹರಣೆ ಇದೆ. 2021ರ ಮೇ 14ರಂದು ಅಲ್ಲಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬೀಗ ಬಿತ್ತು. ಡಿಸೆಂಬರ್‌ನಲ್ಲಿ ಪ್ರಕಟವಾದ ಸ್ವತಂತ್ರ ವರದಿ ಎಳೆ ಹಿಡಿದು ಹಿಂದಕ್ಕೆ ಹೋಯಿತು. ಮಾರ್ಚ್ 18ರಂದು ನೌಕರರೊಬ್ಬರು ಮೋಸದ ಇಮೇಲ್‌ನ ಎಕ್ಸೆಲ್ ಕಡತ ತೆರೆದಿದ್ದರು. ಮಾರ್ಚ್ 31ರಂದು ಅದೇ ಕಂಪ್ಯೂಟರಿನ ಆಂಟಿವೈರಸ್ ದಾಳಿಕೋರರ ಸಲಕರಣೆಗಳನ್ನು ಗುರುತಿಸಿತ್ತು. ಆದರೆ ಅದನ್ನು ಬರೀ ಗಮನಿಸುವ ಸ್ಥಿತಿಯಲ್ಲಿ ಇಟ್ಟಿದ್ದರಿಂದ ತಡೆಯಲಿಲ್ಲ. ತಂತ್ರಜ್ಞ ಇಲ್ಲಿ ಬದಲಿಸಬೇಕಾದ ಸೆಟ್ಟಿಂಗನ್ನು ಕಾಣುತ್ತಾನೆ. ಆಡಳಿತಗಾರ ಆ ಎಚ್ಚರಿಕೆಯನ್ನು ದಿನವೂ ನೋಡಲು ಯಾರನ್ನೂ ನೇಮಿಸಿರಲಿಲ್ಲವೇ ಎಂದು ಕೇಳುತ್ತಾನೆ. ಇಬ್ಬರೂ ನಿಂತದ್ದು ಒಂದೇ ಸಾಲಿನ ಮುಂದೆ.

ಇಬ್ಬರಿಗೂ ಬರೆಯುವುದೆಂದರೆ ಮುಂದೆ ಒಂದು ಸುಲಭ ಸಾರಾಂಶ, ಹಿಂದೆ ಒಂದು ಕಠಿಣ ಅನುಬಂಧ ಅಂಟಿಸುವುದಲ್ಲ. ಪ್ರತಿ ತಾರೀಖಿನ ಎದುರಿಗೆ ನಾಲ್ಕು ಮಾತು ಬೇಕು: ಏನಾಯಿತು, ಯಾವ ಲಾಗ್‌ನಿಂದ ತಿಳಿಯಿತು, ಎಷ್ಟು ಖಚಿತ, ಈಗ ಯಾರು ಎಂದಿನೊಳಗೆ ಏನು ಮಾಡಬೇಕು. ಜೆಂಕಿನ್ಸ್ ಪ್ರಕರಣಕ್ಕೆ ಇದನ್ನು ಅನ್ವಯಿಸಿದರೆ ಕೊನೆಯ ಅಂಕಣದಲ್ಲಿ ‘ಆವೃತ್ತಿ ಬದಲಿಸಿ’ ಎಂದಷ್ಟೇ ಬರೆದರೆ ಸಾಲದು. ಕಡತದ ಜೊತೆ ಕೀಲಿಯೂ ಕಳುವಾಗಿದ್ದರೆ, ಬಾಗಿಲು ರಿಪೇರಿ ಮಾಡಿದ ಮೇಲೂ ಕಳ್ಳ ಅದೇ ಕೀಲಿಯಿಂದ ಬರುತ್ತಾನೆ. ಆ ಸರ್ವರ್ ಮುಟ್ಟಿದ ಎಲ್ಲ ಕೀಲಿ, ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು. ಅದಕ್ಕೆ ಕೆಲವು ಗಂಟೆ ಸೇವೆ ನಿಲ್ಲಿಸಬೇಕಾಗಬಹುದು, ಆ ಅನುಮತಿ ಕೊಡಬೇಕಾದವರು ನಿರ್ದೇಶಕರೇ. ಹೊರಗಿನ ಸಹಯೋಗಿಗಳ ಸರ್ವರ್‌ಗಳು ಯಾವ ಆವೃತ್ತಿಯಲ್ಲಿವೆ ಎಂದು ಪತ್ರ ಬರೆದು ಕೇಳುವ ಅಧಿಕಾರವೂ ಅವರದೇ.

ಹಾಗಾಗಿ ನಾನು ಇಂಥ ವರದಿಯನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ದಾಳಿಯಾದ ದಿನವನ್ನಲ್ಲ. ಮದ್ದು ಸಿಕ್ಕ ದಿನ ಕಾಲಾನುಕ್ರಮದ ಮೊದಲ ಸಾಲಿನಲ್ಲಿದೆಯೇ ಎಂದು ನೋಡುತ್ತೇನೆ. ಜುಲೈ 31ರಿಂದ ಶುರುವಾಗುವ ವರದಿ ದಾಳಿಕೋರನ ಕಥೆ ಹೇಳುತ್ತದೆ. ಜನವರಿ 24ರಿಂದ ಶುರುವಾಗುವ ವರದಿಯಲ್ಲಿ ನಾವು ಮಾಡಬಹುದಾಗಿದ್ದ ಕೆಲಸ ಕಾಣುತ್ತದೆ.